ಮುಗಿದ ಕಥೆಯ ಬಾಕಿ

2021ರ ಫೆಬ್ರವರಿ 19ರಂದು ‘ದೃಶ್ಯಂ 2’ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾಯಿತು. ಅದೇ ರಾತ್ರಿ ಕುಂಬಳೆಯ ನಮ್ಮ ಮನೆಯ ಚಾವಡಿಯಲ್ಲಿ ಎಲ್ಲರೂ ಟಿವಿಯ ಮುಂದೆ ಸೇರಿದ್ದೆವು. ದೊಡ್ಡಪ್ಪನ ಮಗ, ನಮಗೆಲ್ಲ ದೊಡ್ಡಣ್ಣ, ಊಟ ಮುಗಿಸಿ ಕೈ ತೊಳೆದವನು ಅಂಗಳದ ಕಡೆ ಹೊರಟ. ಕರೆದರೂ ಬರಲಿಲ್ಲ. “ಅದು ಮುಗಿದ ಕಥೆ ಮಾರಾಯ. ಮುಗಿದದ್ದನ್ನು ಯಾಕೆ ಕೆದಕುವುದು?” ಎಂದ. 2013ರ ಡಿಸೆಂಬರಿನಲ್ಲಿ ‘ದೃಶ್ಯಂ’ ಬಂದಾಗ ಟಾಕೀಸಿಗೆ ಹೋಗಿ ಎರಡು ಸಲ ನೋಡಿದ್ದವನು ಅವನು. ಇಷ್ಟವಿಲ್ಲದೆ ಎದ್ದುಹೋದದ್ದಲ್ಲ, ತುಂಬಾ ಇಷ್ಟಪಟ್ಟದ್ದರಿಂದಲೇ ಎದ್ದುಹೋದ.

ಅವನ ಮಾತು ನನ್ನನ್ನು ಅಂದಿನಿಂದಲೂ ಬಿಟ್ಟಿಲ್ಲ. ಒಂದು ಚಿತ್ರ ತುಂಬ ಚೆನ್ನಾಗಿದೆ, ತನ್ನಷ್ಟಕ್ಕೆ ತಾನು ಪೂರ್ಣವಾಗಿದೆ. ಅದರ ಎರಡನೆಯ ಭಾಗ ಬಂದಾಗ ನೋಡಬೇಕೇ ಬೇಡವೇ ಎಂದು ಹೇಗೆ ತೀರ್ಮಾನಿಸುವುದು? ಮುಂದೆ ಬರೆಯುವುದರಲ್ಲಿ ‘ದೃಶ್ಯಂ’ನ ಎರಡೂ ಭಾಗಗಳ ಗುಟ್ಟು ಬಿಚ್ಚುತ್ತೇನೆ. ಇನ್ನೂ ನೋಡದವರು ಕನಿಷ್ಠ ಮೊದಲನೆಯದನ್ನಾದರೂ ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ಈ ಪ್ರಶ್ನೆ ನಮ್ಮ ಊರಿಗೆ ಸಿನಿಮಾದಿಂದ ಬಂದದ್ದಲ್ಲ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ. ಅವನ ಹೆಸರಿನಲ್ಲಿ ಉಳಿದು ಬಂದ ರಾಮಾಯಣ ಪ್ರಸಂಗಗಳು ಪುತ್ರಕಾಮೇಷ್ಟಿಯಿಂದ ಹೊರಟು ಪಂಚವಟಿ, ಸೇತುಬಂಧನ, ಕುಂಭಕರ್ಣ ಕಾಳಗಗಳನ್ನು ದಾಟುತ್ತವೆ. ಸಾಲು ಅಲ್ಲಿಗೆ ನಿಲ್ಲುವುದಿಲ್ಲ, ‘ಕುಶಲವರ ಕಾಳಗ’ವೂ ಅದರಲ್ಲಿದೆ. ವಾಲ್ಮೀಕಿ ರಾಮಾಯಣದಲ್ಲಿ ಫಲಶ್ರುತಿ ಬರುವುದು ಯುದ್ಧಕಾಂಡದ ಕೊನೆಗೆ. ಈ ಕಥೆ ಕೇಳಿದವರಿಗೆ ಇಂಥ ಫಲ ಎಂದು ಹೇಳಿದರೆ ಕಥೆ ಮುಗಿಯಿತು ಎಂದೇ ಅರ್ಥ. ರಾವಣ ಬಿದ್ದ, ಸೀತೆ ಬೆಂಕಿಯಿಂದ ಎದ್ದು ಬಂದಳು, ರಾಮನಿಗೆ ಪಟ್ಟವಾಯಿತು. ಉತ್ತರಕಾಂಡ ಆಮೇಲಿನದು ಎಂದು ಅನೇಕ ವಿದ್ವಾಂಸರು ಹೇಳಲು ಇದೂ ಒಂದು ಕಾರಣ. ಹಾಗಿದ್ದರೂ ಕುಶಲವರ ಆಟಕ್ಕೆ ಹೋಗಿ ಕೂತವರು ಯಾರೂ ‘ಇದು ಬೇಡವಾಗಿತ್ತು’ ಎಂದು ಎದ್ದು ಬಂದದ್ದನ್ನು ನಾನು ಕಂಡಿಲ್ಲ.

ಯಾಕೆಂದರೆ ಪಟ್ಟವಾದ ದಿನವೇ ಒಂದು ಬಾಕಿ ಉಳಿದಿತ್ತು. ಸೀತೆಯನ್ನು ಬೆಂಕಿಯಲ್ಲಿ ಪರೀಕ್ಷಿಸಿದ್ದು ಲಂಕೆಯಲ್ಲಿ. ಕಣ್ಣಾರೆ ಕಂಡವರು ಕಪಿಗಳು, ರಾಕ್ಷಸರು, ದೇವತೆಗಳು. ಅಯೋಧ್ಯೆಯ ಜನ ಅದನ್ನು ನೋಡಿರಲಿಲ್ಲ. ರಾಮನಿಗೆ ಉತ್ತರ ಸಿಕ್ಕಿತು, ಊರಿಗೆ ಸಿಗಲಿಲ್ಲ. ಜಯಘೋಷದ ನಡುವೆ ಕೇಳುವವನಿಗೆ ಇದು ಹೊಳೆಯುವುದಿಲ್ಲ, ಹೊಳೆಯಬೇಕಾಗಿಯೂ ಇಲ್ಲ. ಕಥೆ ಪೂರ್ಣವಾಗಿಯೇ ಇದೆ. ಆದರೆ ಅಗಸನ ಒಂದು ಮಾತು ಬಿದ್ದ ಕೂಡಲೇ, ಅದು ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಮೊದಲಿಂದಲೂ ಅಲ್ಲೇ ಇದ್ದದ್ದು ಎಂದು ತಿಳಿಯುತ್ತದೆ.

ಬಾಕಿ ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಕಥೆಯಲ್ಲಿ ಬಿಟ್ಟುಹೋದ ಎಳೆ ಬೇರೆ, ಬಾಕಿ ಬೇರೆ. ಎಳೆ ಬಿಟ್ಟುಹೋಗಿದ್ದರೆ ಆ ಕಥೆ ಪೂರ್ಣವೇ ಅಲ್ಲ. ‘ಕೆಜಿಎಫ್’ 2018ರಲ್ಲಿ ಅರ್ಧಕ್ಕೆ ನಿಂತು 2022ರಲ್ಲಿ ಮುಂದುವರಿಯಿತು. ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲೇ ಎರಡು ಕಂತಾಗಿ ಬಂತು. ಅವು ಒಂದೇ ಕಥೆಯ ಎರಡು ಹೋಳು. ಮೊದಲರ್ಧ ಹಿಡಿಸಿದವರು ಉಳಿದರ್ಧ ನೋಡುತ್ತಾರೆ, ಅದರಲ್ಲಿ ತೀರ್ಮಾನಿಸಲು ಹೆಚ್ಚೇನಿಲ್ಲ. ಕಥೆ ಮುಗಿದೂ, ಆ ಮುಕ್ತಾಯಕ್ಕಾಗಿ ಯಾರೋ ತೆರಬೇಕಾದ ಬೆಲೆ ಇನ್ನೂ ತೀರದೆ ಉಳಿದಿದ್ದರೆ ಅದು ಬಾಕಿ.

‘ದೃಶ್ಯಂ’ನಲ್ಲಿ ಅದು ಹೇಗಿದೆ ನೋಡಿ. ಜಾರ್ಜ್‌ಕುಟ್ಟಿ ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟ ಕೇಬಲ್ ಟಿವಿಯವನು. ಅವನ ಮಗಳನ್ನು ವೀಡಿಯೋ ಹಿಡಿದು ಬೆದರಿಸಿದ ಹುಡುಗ ಮನೆಯವರ ಕೈಯಲ್ಲೇ ಸಾಯುತ್ತಾನೆ. ಆ ಹುಡುಗ ಪೊಲೀಸ್ ಐಜಿಯ ಮಗ. ಮನೆಯವರನ್ನು ಉಳಿಸಲು ಜಾರ್ಜ್‌ಕುಟ್ಟಿ ಎರಡು ದಿನಗಳ ಒಂದು ಪ್ರವಾಸವನ್ನೇ ಕಟ್ಟುತ್ತಾನೆ. ಬಸ್ಸಿನ ಟಿಕೆಟು, ಲಾಡ್ಜಿನ ಬಿಲ್ಲು, ಹೋಟೆಲಿನ ಊಟ, ಟಾಕೀಸಿನ ಸಿನಿಮಾ, ಎಲ್ಲವನ್ನೂ ಎದುರಿಗೆ ಸಿಕ್ಕವರ ನೆನಪಿನಲ್ಲಿ ತಪ್ಪು ತಾರೀಕಿಗೆ ಕೂರಿಸುತ್ತಾನೆ. ಇದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ನಿರ್ದೇಶಕ ಜೀತು ಜೋಸೆಫ್ ನಮ್ಮಿಂದ ಮುಚ್ಚಿಟ್ಟದ್ದು ಮುಖ್ಯವಾಗಿ ಒಂದೇ ಸಂಗತಿ, ಹೆಣ ಎಲ್ಲಿದೆ ಎಂಬುದು. ಕೊನೆಯಲ್ಲಿ ಅವನು ಹೊಸ ಪೊಲೀಸ್ ಸ್ಟೇಷನ್ನಿನಲ್ಲಿ ರಿಜಿಸ್ಟರಿಗೆ ಸಹಿ ಹಾಕುವಾಗ ಹಳೆಯ ರಾತ್ರಿಯ ನೋಟವೊಂದು ಬರುತ್ತದೆ. ಕಟ್ಟುತ್ತಿರುವ ಅದೇ ಸ್ಟೇಷನ್ನಿನಿಂದ ಕೈಯಲ್ಲಿ ಹಾರೆ ಹಿಡಿದು ಅವನು ಹೊರಬರುತ್ತಾನೆ. ಹುಡುಕುವವರ ಕಾಲಡಿಯಲ್ಲೇ ಹುಡುಗ ಮಲಗಿದ್ದಾನೆ.

ಇದಕ್ಕಿಂತ ಪೂರ್ಣವಾದ ಮುಕ್ತಾಯ ಇನ್ನೊಂದಿರಲಾರದು. ಹಾಗಿದ್ದೂ ಅದಕ್ಕೆ ಸ್ವಲ್ಪ ಮುಂಚೆ ಬರುವ ಒಂದು ಸನ್ನಿವೇಶವನ್ನು ನೆನೆಸಿಕೊಳ್ಳಿ. ಹುಡುಗನ ತಂದೆ ತಾಯಿ ಜಾರ್ಜ್‌ಕುಟ್ಟಿಯನ್ನು ಕಂಡು, ತಮ್ಮ ಒರಟುತನಕ್ಕೆ ಕ್ಷಮೆ ಕೇಳಿ, ಮಗನಿಗೆ ಏನಾಯಿತು ಎಂದು ಕೇಳುತ್ತಾರೆ. ಅವನು ನೇರವಾಗಿ ಏನೂ ಒಪ್ಪಿಕೊಳ್ಳುವುದಿಲ್ಲ, ಆದರೆ ಮಗ ಇನ್ನು ಬರುವುದಿಲ್ಲ ಎಂದು ಅವರಿಗೆ ಅರ್ಥವಾಗುತ್ತದೆ. ತಾಯಿಗೆ ಸುದ್ದಿ ಸಿಕ್ಕಿತು, ಮಗನ ದೇಹ ಸಿಗಲಿಲ್ಲ. ಅಂತ್ಯಸಂಸ್ಕಾರ ಆಗಲಿಲ್ಲ. ಇತ್ತ ಕೊಲೆಯನ್ನು ಎದೆಯೊಳಗೆ ಹೊತ್ತ ಎರಡು ಹೆಣ್ಣುಮಕ್ಕಳು ಅದೇ ಮನೆಯಲ್ಲಿ ಬೆಳೆಯಬೇಕು. ಜಾಣತನದ ಗೆಲುವಿನ ಖುಷಿಯಲ್ಲಿ ನಾವು ಇದನ್ನು ಮರೆತು ಟಾಕೀಸಿನಿಂದ ಹೊರಬಂದೆವು.

‘ದೃಶ್ಯಂ 2’ ಶುರುವಾಗುವುದು ಸರಿಯಾಗಿ ಆ ರಾತ್ರಿಯಿಂದ. ಬೇರೊಂದು ಅಪರಾಧ ಮಾಡಿ ಪೊಲೀಸರಿಂದ ತಪ್ಪಿಸಿಕೊಳ್ಳುತ್ತಿರುವ ಜೋಸ್ ಎಂಬವನು ಕತ್ತಲಲ್ಲಿ ಅಡಗಿ ಕೂತಿರುವಾಗ, ಕಟ್ಟುತ್ತಿರುವ ಸ್ಟೇಷನ್ನಿನಿಂದ ಒಬ್ಬ ಹೊರಬರುವುದನ್ನು ನೋಡುತ್ತಾನೆ. ಮೊದಲ ಚಿತ್ರ ಎಲ್ಲಿ ಬಾಗಿಲು ಹಾಕಿತ್ತೋ ಅಲ್ಲೇ ಎರಡನೆಯದು ಒಂದು ಕಿಂಡಿ ತೆರೆಯಿತು. ನನ್ನ ಮಟ್ಟಿಗೆ ನೋಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಹೆಚ್ಚುಪಾಲು ಬಗೆಹರಿಸುವುದು ಇದೇ. ಎರಡನೆಯ ಕಥೆಯ ಹುಟ್ಟು ಎಲ್ಲಿ ಎಂದು ಒಂದು ವಾಕ್ಯದಲ್ಲಿ ಹೇಳಿನೋಡಬೇಕು. ಆ ವಾಕ್ಯ ಮೊದಲ ಚಿತ್ರದ ಕೊನೆಯ ಇಪ್ಪತ್ತು ನಿಮಿಷದಿಂದ ಎದ್ದು ಬಂದರೆ ನೋಡುವುದಕ್ಕೆ ಕಾರಣವಿದೆ. ನಾಯಕನ ಹೆಸರಿನಿಂದಲೋ ಹಳೆಯ ಹಾಡಿನ ನೆನಪಿನಿಂದಲೋ ಬಂದರೆ ಇಲ್ಲ. ಟ್ರೈಲರಿನಿಂದಲೂ ಎರಡು ಸಾಲಿನ ಕಥಾಸಾರದಿಂದಲೂ ಇಷ್ಟನ್ನು ತಿಳಿಯಬಹುದು, ಗುಟ್ಟು ಕೆಡುವುದಿಲ್ಲ.

ಇದು ಬರಿಯ ಊಹೆಯಲ್ಲ ಎನ್ನಲು ‘ದೃಶ್ಯಂ’ನದೇ ಒಂದು ವಿಚಿತ್ರ ಸಾಕ್ಷ್ಯವಿದೆ. ಅದರ ಚೀನೀ ರೂಪ 2019ರಲ್ಲಿ ಬಂತು. ಅಲ್ಲಿ ಕೊನೆಗೆ ಅಪ್ಪ ತಾನೇ ಹೋಗಿ ಪೊಲೀಸರಿಗೆ ಶರಣಾಗುತ್ತಾನೆ. ಅಂದರೆ ಬಾಕಿಯನ್ನು ಅಲ್ಲಿಂದಲ್ಲಿಗೇ ತೀರಿಸಿಬಿಟ್ಟರು. 2021ರಲ್ಲಿ ಅದಕ್ಕೂ ಎರಡನೆಯ ಭಾಗ ಬಂತು. ಆದರೆ ಅದು ಆ ಮನೆಯ ಕಥೆಯಲ್ಲ, ಹೆಸರನ್ನು ಮಾತ್ರ ಇಟ್ಟುಕೊಂಡ ಬೇರೆಯೇ ಕಥೆ. ಅದೇ ವರ್ಷ ನಮ್ಮ ಜಾರ್ಜ್‌ಕುಟ್ಟಿಯ ಕಥೆ ಮುಂದುವರಿಯಲು ಸಾಧ್ಯವಾದದ್ದು ಮಲಯಾಳದಲ್ಲಿ ಅವನು ಶರಣಾಗಿರಲಿಲ್ಲವಾದ್ದರಿಂದ.

ಹೆಸರನ್ನು ಮಾತ್ರ ಉಳಿಸಿಕೊಳ್ಳುವುದು ಕನ್ನಡಕ್ಕೂ ಹೊಸದಲ್ಲ. 2006ರ ‘ಮುಂಗಾರು ಮಳೆ’ಯ ಪ್ರೀತಮ್ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು ಮಳೆಯಲ್ಲಿ ನಡೆದುಹೋದ. ಅವನಿಗೆ ಯಾರಿಂದಲೂ ಏನೂ ಬರಬೇಕಾಗಿರಲಿಲ್ಲ, ಅವನೂ ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. 2016ರ ‘ಮುಂಗಾರು ಮಳೆ 2’ ಆ ಕಥೆಯನ್ನು ಮುಂದುವರಿಸಲೇ ಇಲ್ಲ. ನಿರ್ದೇಶಕರೂ ಬೇರೆ, ಯೋಗರಾಜ ಭಟ್ಟರ ಬದಲು ಶಶಾಂಕ್. ಇಂಥ ಚಿತ್ರವನ್ನು ಹೊಸ ಚಿತ್ರವೆಂದೇ ತೂಗಬೇಕು. ಹಿಂದಿನದರ ಮೇಲಿನ ಪ್ರೀತಿ ಟಿಕೆಟು ತೆಗೆಯಲು ಕಾರಣವಾಗಬಾರದು.

ಮೊದಲಿನವರೇ ಬರೆದು ಮೊದಲಿನವರೇ ನಿರ್ದೇಶಿಸಿದ್ದರೆ ಧೈರ್ಯವಾಗಿ ನೋಡಬಹುದು ಎಂದು ಹಲವರು ಹೇಳುತ್ತಾರೆ. ನಾನೂ ಹಾಗೆ ನಂಬಿದ್ದೆ. ನನ್ನ ನಂಬಿಕೆ ಮುರಿದದ್ದು ‘ಚೆಂಗೋಲ್’ ನೋಡಿದ ಮೇಲೆ.

1989ರ ‘ಕಿರೀಡಂ’ ಅನ್ನು ಕಾಸರಗೋಡಿನ ಕಡೆಯ ನನ್ನ ವಯಸ್ಸಿನವರಿಗೆ ಪರಿಚಯಿಸಬೇಕಾಗಿಲ್ಲ. ಬರೆದವರು ಲೋಹಿತದಾಸ್, ನಿರ್ದೇಶಕರು ಸಿಬಿ ಮಲಯಿಲ್. ಕಾನ್‌ಸ್ಟೇಬಲ್ ಅಚ್ಯುತನ್ ನಾಯರಿಗೆ ಮಗ ಸೇತು ಎಸ್‌ಐ ಆಗಬೇಕೆಂಬ ಆಸೆ. ಬೀದಿಯಲ್ಲಿ ಹೊಡೆಸಿಕೊಳ್ಳುತ್ತಿದ್ದ ಅಪ್ಪನನ್ನು ಬಿಡಿಸಲು ಹೋದ ಮಗ ಊರಿನ ಕಣ್ಣಿಗೆ ರೌಡಿಯಾಗುತ್ತಾನೆ, ಕೊನೆಗೆ ಕೊಲೆಗಾರನೂ ಆಗುತ್ತಾನೆ. ಈ ಮಗ ಪೊಲೀಸ್ ಕೆಲಸಕ್ಕೆ ಯೋಗ್ಯನಲ್ಲ ಎಂದು ಅಪ್ಪನೇ ಹೇಳಬೇಕಾಗುತ್ತದೆ. ಅಪ್ಪನ ಪಾತ್ರದ ತಿಲಕನ್ ಆ ಮಾತನ್ನು ಹೇಳುವ ರೀತಿ ನೋಡಿದವರಿಗೆ, ಆ ಮನೆ ಇನ್ನು ಮೇಲೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಷ್ಟ ಪೂರ್ತಿಯಾಗಿದೆ, ಪೂರ್ತಿಯಾದದ್ದು ನಮಗೆ ಗೊತ್ತೂ ಆಗಿದೆ.

1993ರ ‘ಚೆಂಗೋಲ್’ ಆ ನಷ್ಟವನ್ನು ಮತ್ತೊಮ್ಮೆ ಬಿಡಿಬಿಡಿಯಾಗಿ ಎಣಿಸಿತು. ಅದೇ ಲೇಖಕರು, ಅದೇ ನಿರ್ದೇಶಕರು, ಅದೇ ಮೋಹನ್‌ಲಾಲ್, ಅದೇ ತಿಲಕನ್. ಜೈಲಿನಿಂದ ಸೇತು ಹೊರಬರುವಾಗ ಮನೆ ಚದುರಿಹೋಗಿದೆ. ಅಪ್ಪ, ಮಗಳ ಮಾನವನ್ನೇ ಮಾರುವ ಮಟ್ಟಕ್ಕೆ ಇಳಿದಿದ್ದಾನೆ. ಅದು ಮಗನಿಗೆ ಗೊತ್ತಾದ ಮೇಲೆ ಪ್ರಾಣ ಕಳೆದುಕೊಳ್ಳುತ್ತಾನೆ. ನಟನೆಯಲ್ಲಿ ಕೊರತೆ ಹೇಳುವಂತಿಲ್ಲ, ಆ ಚಿತ್ರವನ್ನು ಮೆಚ್ಚುವವರೂ ಬಹಳ ಜನ ಇದ್ದಾರೆ. ನನಗೆ ಆದದ್ದನ್ನು ಹೇಳುತ್ತೇನೆ. ಈಗ ‘ಕಿರೀಡಂ’ ಹಾಕಿ, ಸಮವಸ್ತ್ರದಲ್ಲಿ ಹೆಮ್ಮೆಯಿಂದ ಮಗನ ಮಾತಾಡುವ ಆ ಅಪ್ಪನನ್ನು ನೋಡಿದರೆ, ಎರಡನೆಯ ಚಿತ್ರದ ಅಪ್ಪ ಅವನ ಹಿಂದೆ ಬಂದು ನಿಲ್ಲುತ್ತಾನೆ. ನಾನು ಎಷ್ಟು ಬೇಡವೆಂದರೂ ಹೋಗುವುದಿಲ್ಲ. ಒಮ್ಮೆ ನೋಡಿದ್ದನ್ನು ನೋಡದಂತೆ ಮಾಡಿಕೊಳ್ಳಲು ಬರುವುದಿಲ್ಲ. ಎರಡನೆಯ ಭಾಗ ನೋಡುವುದರಲ್ಲಿರುವ ನಿಜವಾದ ಅಪಾಯ ಇದು. ಪೋಲಾದ ಎರಡೂವರೆ ಗಂಟೆಯನ್ನು ಮರೆಯಬಹುದು, ಇದನ್ನು ಮರೆಯಲು ಆಗುವುದಿಲ್ಲ.

ಅದಕ್ಕೇ ಈಗ ಯಾರಾದರೂ ಮೊದಲೇ ನೋಡಿ ಬಂದಿದ್ದರೆ ‘ಚೆನ್ನಾಗಿದೆಯಾ’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ಹಳೆಯದನ್ನು ಈಗ ನೆನೆದರೆ ಮೊದಲಿನ ಹಾಗೇ ಇದೆಯಾ’ ಎಂದು ಕೇಳುತ್ತೇನೆ. ಜನ ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಡುತ್ತಾರೆ, ಆ ಉತ್ತರ ಕೆಲಸಕ್ಕೆ ಬರುತ್ತದೆ.

ಹಾಳಾಗುವ ಇನ್ನೊಂದು ದಾರಿಯೂ ಇದೆ. 1993ರ ‘ಮಣಿಚಿತ್ರತ್ತಾಳ್’ ಕನ್ನಡದಲ್ಲಿ 2004ರಲ್ಲಿ ‘ಆಪ್ತಮಿತ್ರ’ವಾಯಿತು. ಆ ಕಥೆಯ ಬಲವೆಲ್ಲ ಇರುವುದು ಅದರ ಉತ್ತರದಲ್ಲಿ. ಹಳೆಯ ಮನೆಯಲ್ಲಿ ಓಡಾಡುವ ನಾಗವಲ್ಲಿ ದೆವ್ವವಲ್ಲ, ಗಂಗಾ ಎಂಬ ಹೆಣ್ಣುಮಗಳ ಮನಸ್ಸು ಒಡೆದು ಹುಟ್ಟಿದ ಇನ್ನೊಬ್ಬಳು. ವೈದ್ಯ ಅದನ್ನು ಕಂಡುಹಿಡಿದು, ನಾಗವಲ್ಲಿಗೆ ಹಳೆಯ ಕಾಲದ ರಾಜನ ಮೇಲಿದ್ದ ಸೇಡು ತೀರಿತೆಂದು ಅವಳ ಮನಸ್ಸಿಗೆ ಅನ್ನಿಸುವ ಹಾಗೆ ಒಂದು ಗೊಂಬೆಯಾಟ ಹೂಡಿ ಗುಣಪಡಿಸುತ್ತಾನೆ. 2010ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆಗೆ ಹೋಗುತ್ತದೆ, ಅಲ್ಲೂ ಕಾಟ ಶುರುವಾಗುತ್ತದೆ. ಅಷ್ಟೇ ಅಲ್ಲ, ಆ ಹಳೆಯ ಕಾಲದ ರಾಜ ಇನ್ನೂ ಬದುಕಿದ್ದಾನೆ. ವಿಷ್ಣುವರ್ಧನ್ ತೀರಿಕೊಂಡು ಎರಡು ತಿಂಗಳೊಳಗೆ ತೆರೆಗೆ ಬಂದ ಆ ಚಿತ್ರವನ್ನು ಜನ ಕಣ್ಣೀರಿಟ್ಟು ನೋಡಿದರು, ನಾನೂ ಅವರಲ್ಲೊಬ್ಬ. ಅವರನ್ನು ನೋಡಲು ಹೋದದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಕಥೆಯ ಮಾತು ಬೇರೆ. ರಾಜ ಬದುಕಿದ್ದಾನೆ ಎಂದಾದರೆ ವೈದ್ಯನ ವಿವರಣೆಗೆ ಬೆಲೆ ಎಲ್ಲಿ ಉಳಿಯಿತು? ಮೊದಲ ಚಿತ್ರ ಕಷ್ಟಪಟ್ಟು ಕೊಟ್ಟ ಉತ್ತರವನ್ನು ಎರಡನೆಯದು ವಾಪಸು ತೆಗೆದುಕೊಂಡಿತು. ಮೊದಲನೆಯದರ ಸೊಗಸು ಅದರ ಉತ್ತರದಲ್ಲೇ ಇದ್ದರೆ, ಎರಡನೆಯದರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಮತ್ತೆ ‘ದೃಶ್ಯಂ 2’ಕ್ಕೆ ಬರುತ್ತೇನೆ. ಅದಕ್ಕೂ ಪೂರ್ತಿ ಅಂಕ ಕೊಡಲು ನನಗೆ ಮನಸ್ಸಿಲ್ಲ.

ಅದರ ಮೊದಲ ಒಂದು ಗಂಟೆ ನಿಧಾನ ಎಂದು ಅಂದೇ ದೂರು ಬಂದಿತ್ತು, ನಮ್ಮ ಚಾವಡಿಯಲ್ಲೂ ಇಬ್ಬರು ತೂಕಡಿಸಿದರು. ನನಗೆ ಮಾತ್ರ ಆ ಗಂಟೆಯೇ ಚಿತ್ರದ ಜೀವ ಅನ್ನಿಸಿತು. ಆರು ವರ್ಷ ಕಳೆದಿದೆ. ಕೇಬಲ್‌ನವನು ಈಗ ಟಾಕೀಸಿನ ಯಜಮಾನ, ಸಿನಿಮಾ ಮಾಡುವ ಕನಸು ಬೇರೆ. ಕುಡಿತ ಹತ್ತಿದೆ. ದೊಡ್ಡ ಮಗಳು ಅಂಜುವಿಗೆ ಪೊಲೀಸ್ ಜೀಪು ಕಂಡರೆ ಎದೆ ನಡುಗುತ್ತದೆ, ಅಪಸ್ಮಾರ ಬರುತ್ತದೆ. ಒಂದು ಕಾಲಕ್ಕೆ ಕೈಹಿಡಿದಿದ್ದ ಊರು ಈಗ ಹಿಂದಿನಿಂದ ಆಡಿಕೊಳ್ಳುತ್ತದೆ. ಹೆಂಡತಿ ರಾಣಿಗೆ ಮನಸ್ಸು ಬಿಚ್ಚಿ ಮಾತಾಡಲು ಪಕ್ಕದ ಮನೆಯ ಸರಿತಾ ಒಬ್ಬಳೇ ಇರುವುದು, ಆ ಸರಿತಾ ಪೊಲೀಸ್ ಇಲಾಖೆಯೇ ತಂದು ನಿಲ್ಲಿಸಿದ ಹೆಂಗಸು. ಮೊದಲ ಚಿತ್ರದ ಗೆಲುವಿಗೆ ಆ ಮನೆ ದಿನವೂ ಏನು ತೆರುತ್ತಿದೆ ಎಂಬುದು ಇಲ್ಲಿ ಸಣ್ಣ ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ಇದನ್ನು ನೋಡಿದ ಮೇಲೆ ಮೊದಲನೆಯದು ಚಿಕ್ಕದಾಗಲಿಲ್ಲ, ಇನ್ನಷ್ಟು ಭಾರವಾಯಿತು.

ಕೊನೆಯ ಅರ್ಧಗಂಟೆಯ ಬಗ್ಗೆ ಹಾಗೆ ಹೇಳಲಾರೆ. ಸ್ಟೇಷನ್ನಿನ ನೆಲ ಅಗೆದು ಅಸ್ಥಿ ತೆಗೆಯುತ್ತಾರೆ, ಡಿಎನ್‌ಎ ಹೊಂದುವುದಿಲ್ಲ. ಜಾರ್ಜ್‌ಕುಟ್ಟಿ ವರ್ಷಗಳ ಹಿಂದೆಯೇ ಸ್ಮಶಾನದಲ್ಲಿ ಗುಂಡಿ ತೋಡುವವನ ಸ್ನೇಹ ಮಾಡಿ ಬೇರೊಬ್ಬ ಯುವಕನ ಅಸ್ಥಿ ಸಂಪಾದಿಸಿದ್ದ, ಪ್ರಯೋಗಾಲಯದ ಕಾವಲುಗಾರನನ್ನೂ ಹಿಡಿದಿಟ್ಟಿದ್ದ. ಸರಿಯಾದ ಹೊತ್ತಿಗೆ ಅದಲು ಬದಲು ಮಾಡಿದ. ಇದಾವುದನ್ನೂ ನಾವು ನೋಡಿರಲಿಲ್ಲ. ಸಿನಿಮಾಕ್ಕೆ ಕಥೆ ಬರೆಯುವ ವಿನಯಚಂದ್ರನ್ ಎಂಬಾತ ಪೊಲೀಸರ ಮುಂದೆ ಕೂತು ಹೇಳಿದಾಗಲೇ ನಮಗೂ ತಿಳಿಯುವುದು. ಮೊದಲ ಚಿತ್ರದಲ್ಲಿ ನಾವು ಜಾರ್ಜ್‌ಕುಟ್ಟಿಯ ಜೊತೆಗಿದ್ದು ಒಂದೊಂದು ಇಟ್ಟಿಗೆ ಇಡುವುದನ್ನೂ ಕಂಡಿದ್ದೆವು. ಎರಡನೆಯದರಲ್ಲಿ ಕಟ್ಟಿ ಮುಗಿದ ಮನೆಯನ್ನು ಒಮ್ಮೆಲೇ ತೋರಿಸುತ್ತಾರೆ. ಬೆರಗು ದೊಡ್ಡದು, ಹಿಡಿತ ಕಡಿಮೆ. ಇನ್ನೊಮ್ಮೆ ನೋಡುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಮೊದಲನೆಯದನ್ನು ಗುಟ್ಟು ತಿಳಿದೂ ಹತ್ತು ಸಲ ನೋಡಬಹುದು, ಎರಡನೆಯದರ ಈ ಭಾಗ ಎರಡನೆಯ ಸಲಕ್ಕೇ ಸಪ್ಪೆ.

ನಮ್ಮ ಗಡಿಯ ಊರಿನಲ್ಲಿ ಇದನ್ನು ಪರೀಕ್ಷಿಸಲು ಅವಕಾಶ ತಾನಾಗಿ ಒದಗಿತು. 2014ರಲ್ಲಿ ಪಿ. ವಾಸು ನಿರ್ದೇಶನದ ಕನ್ನಡದ ‘ದೃಶ್ಯ’ ಬಂದಾಗ, ಮಲಯಾಳದಲ್ಲಿ ನೋಡಿದ್ದವರೂ ರವಿಚಂದ್ರನ್ ಮಾಡಿದ ರಾಜೇಂದ್ರ ಪೊನ್ನಪ್ಪನನ್ನು ಕುತೂಹಲದಿಂದ ನೋಡಿದರು. ಕಥೆ ತಿಳಿದಿದ್ದರೂ ಬಿಗಿ ಸಡಿಲಲಿಲ್ಲ. 2021ರ ಡಿಸೆಂಬರಿನಲ್ಲಿ ‘ದೃಶ್ಯ 2’ ತೆರೆಗೆ ಬಂದಾಗ ನಮ್ಮ ಮನೆಯಲ್ಲಿ ಅಂಥ ಉತ್ಸಾಹ ಇರಲಿಲ್ಲ. ಹತ್ತು ತಿಂಗಳ ಹಿಂದಷ್ಟೇ ಗುಟ್ಟು ತಿಳಿದಿತ್ತು, ಗುಟ್ಟೇ ಮುಖ್ಯವಾದ ಕಡೆ ಅದು ತಿಳಿದ ಮೇಲೆ ಉಳಿಯುವುದು ಕಡಿಮೆ. ಎರಡೂ ಭಾಷೆ ಬಲ್ಲವರು ಮೂಲವನ್ನು ಮೊದಲು ನೋಡುವುದು ಒಳ್ಳೆಯದು ಎಂದು ಮಾತ್ರ ಹೇಳುತ್ತೇನೆ.

ಹಾಗಾದರೆ ‘ದೃಶ್ಯಂ 2’ ನೋಡಬೇಕಿತ್ತೇ? ಬೇಕಿತ್ತು ಎಂದೇ ನನ್ನ ತೀರ್ಮಾನ. ಕೊನೆಯ ಅರ್ಧಗಂಟೆಯ ಚಮತ್ಕಾರ ಅದಕ್ಕೆ ಕಾರಣವಲ್ಲ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಯಿತು ಎಂದು ನೋಡುವ ಧೈರ್ಯ ಅದಕ್ಕಿತ್ತು. ‘ಗಾಡ್‌ಫಾದರ್’ ಕೂಡ 1972ರಲ್ಲಿ ಹೀಗೆಯೇ ಮುಗಿದಿತ್ತು, ಹೆಂಡತಿಯ ಮುಖದ ಎದುರೇ ಬಾಗಿಲು ಮುಚ್ಚಿಕೊಳ್ಳುವುದರಿಂದ. 1974ರ ಎರಡನೆಯ ಭಾಗ ಇಂದಿಗೂ ನಿಂತಿರುವುದು ಆ ಬಾಗಿಲಿನ ಎರಡೂ ಬದಿಯವರು ಏನಾದರೆಂದು ತೋರಿಸಿದ್ದರಿಂದ. ಆದರೆ ಒಂದು ಬಾಕಿಯನ್ನು ಒಂದೇ ಸಲ ವಸೂಲು ಮಾಡಬಹುದು. ‘ದೃಶ್ಯಂ’ನ ಮೂರನೆಯ ಭಾಗದ ಚಿತ್ರೀಕರಣ 2025ರಲ್ಲಿ ಶುರುವಾಯಿತೆಂದು ಕೇಳಿದಾಗ ನಾನು ಮೊದಲು ಮಾಡಿದ್ದು ಎರಡನೆಯದರ ಕೊನೆಯ ಇಪ್ಪತ್ತು ನಿಮಿಷವನ್ನು ಮತ್ತೆ ಹಾಕಿ ನೋಡಿದ್ದು. ಅಲ್ಲಿ ಹುಡುಗನ ಚಿತಾಭಸ್ಮ ತಂದೆ ತಾಯಿಯ ಕೈಸೇರಿದೆ. ಇನ್ನು ಏನು ಉಳಿದಿದೆ ಎಂದು ಹುಡುಕಿದೆ. ನನಗೆ ಕಂಡದ್ದು ಅಂಜು ಒಬ್ಬಳೇ. ಅವಳ ಭಯ ಇನ್ನೂ ತೀರಿಲ್ಲ. ಕಥೆ ಅವಳಿಂದ ಏಳುವುದಾದರೆ ನೋಡುತ್ತೇನೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ದೊಡ್ಡಣ್ಣ ಟಿವಿಯಲ್ಲಿ ಹಳೆಯ ‘ದೃಶ್ಯಂ’ ನೋಡುತ್ತಿದ್ದ. ಹೊರಗೆ ತೋಟದಲ್ಲಿ ಮಳೆ ಹಿಡಿದು ಹೊಯ್ಯುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಜಾರ್ಜ್‌ಕುಟ್ಟಿ ಹಾರೆ ಹಿಡಿದು ಹೊರಬಂದ, ಹೆಸರುಗಳು ಮೇಲೇರಿದವು, ಅಣ್ಣ ರಿಮೋಟ್ ಒತ್ತಿ ಟಿವಿ ಆರಿಸಿದ. ಸುಮಾರು ಹೊತ್ತು ಸುಮ್ಮನಿದ್ದು ಕೇಳಿದ.

“ಎರಡನೆಯದರಲ್ಲಿ ಆ ತಾಯಿಗೆ ಮಗನದು ಏನಾದರೂ ಸಿಕ್ಕಿತಾ?”

“ಸಿಕ್ಕಿತು,” ಎಂದೆ. “ಬೂದಿ ಸಿಕ್ಕಿತು.”

ಅವನು ಮಳೆಯನ್ನೇ ನೋಡುತ್ತಿದ್ದ. ಆಮೇಲೆ ರಿಮೋಟನ್ನು ನನ್ನ ಕೈಗೆ ಕೊಟ್ಟು, “ಎಷ್ಟು ಗಂಟೆಯ ಪಿಕ್ಚರ್ ಅದು?” ಎಂದು ಕೇಳಿದ.